ಕುಗ್ಗಿದ ಎತ್ತರ, ಹಿಗ್ಗಿದ ಬಿಎಂಐ

ಪ್ರಶ್ನೆ: ನಮ್ಮ ಅವ್ವನಿಗೆ 76 ವರ್ಷ. ಗದಗ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಹೋದ ತಿಂಗಳು ಊರಿನ ಆರೋಗ್ಯ ಶಿಬಿರದಲ್ಲಿ ಎತ್ತರ 142 ಸೆಂ.ಮೀ., ತೂಕ 47 ಕೆ.ಜಿ., ಬಿಎಂಐ 23.3 ಅಂತ ಬರೆದು, "ತೂಕ ಜಾಸ್ತಿ, ಹೊಟ್ಟೆ ಬಂದಿದೆ, ರಾತ್ರಿ ರೊಟ್ಟಿ ಬಿಡಿಸಿ" ಅಂದರು. ನನ್ನ ಕಣ್ಣಿಗೆ ಮಾತ್ರ ಅವ್ವ ಸೊರಗಿದ್ದಾಳೆ. ಬಳೆ ಮೊಣಕೈವರೆಗೆ ಸರಿಯುತ್ತವೆ. ಶಾಲೆಯ ನೌಕರಿಗೆ ಸೇರಿದಾಗಿನ ಕಾಗದದಲ್ಲಿ ಎತ್ತರ 4 ಅಡಿ 11½ ಇಂಚು ಇದೆ. ಆರು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದಾಗ ತೂಕ 54 ಇತ್ತು. ಎರಡು ವರ್ಷದ ಹಿಂದೆ ಕೊಡ ಎತ್ತುವಾಗ ಬೆನ್ನು ಹಿಡಿದು ಹದಿನೈದು ದಿನ ಮಲಗಿದ್ದಳು. ಶುಗರ್ ಇಲ್ಲ, ಬಿಪಿ ಗುಳಿಗೆ ಒಂದಿದೆ. ಯಾವ ಲೆಕ್ಕ ನಂಬಬೇಕು?
ಒಬ್ಬ ಮಗಳು, ರಾಣೆಬೆನ್ನೂರು

ಉತ್ತರ: ತಂಗಿ, ನಿಮ್ಮ ಕಣ್ಣನ್ನು ನಂಬಿ. ಆ ಎರಡು ಹಳೆ ಕಾಗದಗಳನ್ನೂ ನಂಬಿ. ರಾತ್ರಿ ರೊಟ್ಟಿ ಬಿಡಿಸಿದ್ದರೆ ಇವತ್ತೇ ಅಣ್ಣನಿಗೆ ಫೋನ್ ಮಾಡಿ ಮತ್ತೆ ಶುರು ಮಾಡಿಸಿ. ಉಳಿದದ್ದನ್ನು ಆಮೇಲೆ ಸಾವಕಾಶವಾಗಿ ಓದಿ.

ಶಿಬಿರದವರು ಲೆಕ್ಕದಲ್ಲಿ ತಪ್ಪಿಲ್ಲ. ಬಿಎಂಐ ಅಂದರೆ ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸುವುದು. 47ನ್ನು 1.42ರಿಂದ ಎರಡು ಸಲ ಭಾಗಿಸಿದರೆ 23.3 ಬರುತ್ತದೆ. ನಮ್ಮ ದೇಶದ ವಯಸ್ಕರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಗೆರೆ ಹಾಕಿದ್ದಾರೆ. ಅದನ್ನು ನೋಡಿ ಚೀಟಿ ಬರೆದುಕೊಟ್ಟಿದ್ದಾರೆ. ತಪ್ಪು ಇರುವುದು ಲೆಕ್ಕದೊಳಗೆ ಹಾಕಿದ ಎತ್ತರದಲ್ಲಿ.

ನಿಮ್ಮ ಅವ್ವ ನೌಕರಿಗೆ ಸೇರಿದಾಗ 4 ಅಡಿ 11½ ಇಂಚು, ಅಂದರೆ 151 ಸೆಂ.ಮೀ. ಇದ್ದರು. ಈಗ 142. ಒಂಬತ್ತು ಸೆಂ.ಮೀ. ಹೋಗಿದೆ. ಈ ಒಂಬತ್ತು ಸೆಂ.ಮೀ. ಎಲ್ಲಿಂದ ಹೋಯಿತು ಅನ್ನುವುದನ್ನು ಗಮನಿಸಿ. ಕಾಲು ಗಿಡ್ಡಗಾಗಿಲ್ಲ, ಕೈ ಗಿಡ್ಡಗಾಗಿಲ್ಲ, ತೊಡೆಯ ಮೂಳೆ ಕಾಲು ಇಂಚೂ ಸವೆದಿಲ್ಲ. ಕುಗ್ಗಿದ್ದು ಬೆನ್ನುಮೂಳೆ ಒಂದೇ. ಅದು ಕುಗ್ಗಿತು ಅಂತ ಮೈಯಲ್ಲಿ ಒಂದು ಚಮಚೆ ಕೊಬ್ಬೂ ಹೆಚ್ಚಾಗುವುದಿಲ್ಲ. ಆದರೆ ಬಿಎಂಐ ಹೆಚ್ಚಾಗುತ್ತದೆ. ಎತ್ತರದಿಂದ ಎರಡು ಸಲ ಭಾಗಿಸುವುದರಿಂದ ಪೆಟ್ಟೂ ಎರಡು ಸಲ ಬೀಳುತ್ತದೆ. ಎತ್ತರ ನೂರಕ್ಕೆ ಆರು ಪಾಲು ಕಡಿಮೆಯಾದರೆ, ತೂಕ ಇದ್ದಷ್ಟೇ ಇದ್ದರೂ ಬಿಎಂಐ ನೂರಕ್ಕೆ ಹದಿಮೂರರಷ್ಟು ಏರುತ್ತದೆ.

ಈಗ ಅವ್ವನ ಲೆಕ್ಕವನ್ನು ಸರಿಯಾಗಿ ಹಾಕೋಣ. ಆರು ವರ್ಷದ ಹಿಂದೆ ತೂಕ 54. ಹರೆಯದ ಎತ್ತರ 151ನ್ನು ಇಟ್ಟರೆ ಬಿಎಂಐ 23.7. ಈಗಿನ ತೂಕ 47ನ್ನು ಅದೇ 151ಕ್ಕೆ ಇಟ್ಟರೆ 20.6. ಅಂದರೆ ಮೂರು ಅಂಕ ಕೆಳಗೆ ಬಂದಿದ್ದಾರೆ. ಏಳು ಕೆ.ಜಿ. ಹೋಗಿದೆ, ನೂರಕ್ಕೆ ಹದಿಮೂರು ಪಾಲು. ಆದರೆ ಶಿಬಿರದ ಚೀಟಿಯಲ್ಲಿ 23.3 ಇದೆ. ಹಳೆಯ 23.7ರ ಪಕ್ಕ ಇಟ್ಟು ನೋಡಿದರೆ ಏನೂ ಆಗಿಯೇ ಇಲ್ಲ ಅನ್ನಿಸುತ್ತದೆ, ಅಲ್ವಾ? ತೂಕ ಹದಿಮೂರು ಪಾಲು ಇಳಿಯಿತು, ಎತ್ತರ ಕುಗ್ಗಿ ಬಿಎಂಐಯನ್ನು ಹದಿಮೂರು ಪಾಲು ಏರಿಸಿತು. ಒಂದನ್ನು ಇನ್ನೊಂದು ನುಂಗಿ ಹಾಕಿತು. ವಯಸ್ಸಾದವರಲ್ಲಿ ನನಗೆ ಅತಿ ಹೆಚ್ಚು ಚಿಂತೆ ತರುವುದು ಇದೇ. ದಪ್ಪಗಿಲ್ಲದವರನ್ನು ದಪ್ಪ ಅಂದರೆ ಮನೆಯವರು ನಕ್ಕು ಬಿಡಬಹುದು. ಸೊರಗುತ್ತಿರುವವರಿಗೆ "ಸರಿ ಇದ್ದೀರಿ" ಅಂದರೆ ಯಾರೂ ಮತ್ತೆ ನೋಡಲು ಹೋಗುವುದಿಲ್ಲ.

ಎತ್ತರ ಹೋಗುವುದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕುತ್ತಿಗೆಯಿಂದ ಸೊಂಟದವರೆಗೆ 24 ಮಣಿಗಳು ಒಂದರ ಮೇಲೊಂದು ಕೂತಿವೆ. ಅವುಗಳ ನಡುವೆ 23 ಮೆತ್ತನೆಯ ಗಾದಿಗಳಿವೆ. ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲು ಭಾಗ ಈ ಗಾದಿಗಳದ್ದೇ. ವಯಸ್ಸಾದಂತೆ ಅವು ನೀರು ಹಿಡಿದಿಡುವುದಿಲ್ಲ, ಒಣಗಿ ತೆಳ್ಳಗಾಗುತ್ತವೆ. ಒಂದೊಂದು ಗಾದಿ ಒಂದು ಮಿಲಿಮೀಟರ್ ತೆಳ್ಳಗಾದರೆ ಸಾಕು, ಎರಡು ಸೆಂ.ಮೀ.ಗಿಂತ ಜಾಸ್ತಿ ಹೋಯಿತು. ಇದು ಎಲ್ಲರಿಗೂ ಆಗುವಂಥದ್ದು. ಬೆನ್ನಿನ ಸ್ನಾಯುಗಳು ಸೋತು ಮೈ ಮುಂದಕ್ಕೆ ಬಾಗುವುದು ಎರಡನೆಯದು. ಮೂರನೆಯದು ಮಣಿಗಳೇ ಕುಸಿಯುವುದು. ಮೂಳೆ ಸವೆದಿದ್ದರೆ ಮಣಿಯ ಮುಂಭಾಗ ಒಳಗೆ ಕೂತುಬಿಡುತ್ತದೆ, ಹಿಂಭಾಗ ಹಾಗೇ ನಿಲ್ಲುತ್ತದೆ. ಮಾಳಿಗೆ ಮನೆಯಲ್ಲಿ ಮುಂದಿನ ಸಾಲಿನ ಕಂಬಕ್ಕೆ ಗೆದ್ದಲು ಹಿಡಿದರೆ ಇಡೀ ಮಾಳಿಗೆ ಮುಂದಕ್ಕೆ ವಾಲುತ್ತದಲ್ಲ, ಹಾಗೆ. ಎರಡು ಮೂರು ಮಣಿ ಹೀಗೆ ಕೂತರೆ ಗೂನು ಬರುತ್ತದೆ.

ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದೇ ಜನರನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ಅಳೆದು ನೋಡಿದ ಅಧ್ಯಯನವಿದೆ. ಅದರ ಲೆಕ್ಕ 1999ರಲ್ಲಿ ಬಂತು. 30ರಿಂದ 70 ವರ್ಷದೊಳಗೆ ಗಂಡಸರು ಸರಾಸರಿ 3 ಸೆಂ.ಮೀ., ಹೆಂಗಸರು 5 ಸೆಂ.ಮೀ. ಕುಗ್ಗಿದ್ದರು. 80ಕ್ಕೆ ಬರುವಷ್ಟರಲ್ಲಿ ಅದು 5 ಮತ್ತು 8 ಆಗಿತ್ತು. ಈ ಕುಗ್ಗುವಿಕೆಯೊಂದರಿಂದಲೇ 80ರ ಹೊತ್ತಿಗೆ ಬಿಎಂಐ ಗಂಡಸರಲ್ಲಿ ಒಂದೂವರೆ ಅಂಕದಷ್ಟು, ಹೆಂಗಸರಲ್ಲಿ ಎರಡೂವರೆ ಅಂಕದಷ್ಟು ಸುಮ್ನೆ ಏರಿ ಕೂರುತ್ತದೆ. ನಿಮ್ಮ ಅವ್ವ 76ಕ್ಕೇ ಒಂಬತ್ತು ಸೆಂ.ಮೀ. ಕಳೆದುಕೊಂಡಿದ್ದಾರೆ. ಸರಾಸರಿಯನ್ನು ದಾಟಿದ್ದಾರೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 23 ಅನ್ನುವ ಗೆರೆ ನಡುವಯಸ್ಸಿನವರಿಗೆ ಶುಗರ್, ಹೃದಯದ ತೊಂದರೆ ಬರುವ ಅಪಾಯ ನೋಡಿ ಎಳೆದದ್ದು. ವಯಸ್ಸಾದವರ ಪೌಷ್ಟಿಕತೆ ನೋಡಲು ವೈದ್ಯರು ಬಳಸುವ ಎಂಎನ್‌ಎ ಅನ್ನುವ ಬೇರೆ ಪಟ್ಟಿ ಇದೆ. ಅದರಲ್ಲಿ ಬಿಎಂಐಗೆ ಪೂರ್ತಿ 3 ಅಂಕ ಸಿಗುವುದು 23 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ. 21ರಿಂದ 23ರೊಳಗೆ 2, 19ರಿಂದ 21ರೊಳಗೆ 1, 19ಕ್ಕಿಂತ ಕೆಳಗೆ ಸೊನ್ನೆ. ನೋಡಿ, ಶಿಬಿರದವರು "ಜಾಸ್ತಿ" ಅಂದ ಅದೇ 23 ಹಿರಿಯರ ಪಟ್ಟಿಯಲ್ಲಿ "ಸಾಕಷ್ಟಿದೆ" ಅನ್ನುವ ಗೆರೆ. ಸರಿಯಾದ ಎತ್ತರ ಹಾಕಿದರೆ ಅವ್ವನಿಗೆ 3ರ ಬದಲು 1 ಅಂಕ ಬರುತ್ತದೆ. ರೊಟ್ಟಿ ಬಿಡಿಸುವುದಿರಲಿ, ಒಂದು ಜಾಸ್ತಿ ಬಡಿಸಬೇಕಾದ ಸ್ಥಿತಿ ಇದು.

ಎತ್ತರ ಯಾವುದು ಹಾಕಬೇಕು? ಹಳೆಯ ಕಾಗದ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ನಿಮಗೆ ಸಿಕ್ಕಿದೆ. ಸಿಗದವರು ಸೇವಾ ಪುಸ್ತಕ, ಜೀವ ವಿಮೆಯ ಅರ್ಜಿ, ಹಳೆ ಆಪರೇಷನ್ ಚೀಟಿ, ಫೌಜಿನಲ್ಲಿದ್ದವರ ಬಿಡುಗಡೆ ಪುಸ್ತಕ ಹುಡುಕಬಹುದು. ಹೊಲಮನೆ ಕೆಲಸದಲ್ಲೇ ಆಯುಷ್ಯ ಕಳೆದ ಹೆಂಗಸರಿಗೆ ಇವು ಯಾವೂ ಇರುವುದಿಲ್ಲ. ಅವರಿಗೆ ಕೈಯ ಅಳತೆ ಇದೆ. ಕೈ ಕುಗ್ಗುವುದಿಲ್ಲ ಅಂದೆನಲ್ಲ, ಅದನ್ನೇ ಬಳಸುವುದು.

ದರ್ಜಿಯ ಟೇಪು ತೆಗೆದುಕೊಳ್ಳಿ. ಎಳೆದು ಎಳೆದು ಸಡಿಲಾದ ಹಳೆಯದು ಬೇಡ. ಅವ್ವನನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ ಅಥವಾ ನಿಲ್ಲಿಸಿ. ಬಲಗೈಯನ್ನು ಹೆಗಲಿನ ಮಟ್ಟಕ್ಕೆ ಪಕ್ಕಕ್ಕೆ ನೇರವಾಗಿ ಚಾಚಿಸಿ, ಅಂಗೈ ಮುಂದೆ ಕಾಣಬೇಕು. ಗಂಟಲ ಕೆಳಗೆ ಎರಡು ಕೊರಳೆಲುಬುಗಳ ನಡುವೆ ಒಂದು ಗುಳಿ ಸಿಗುತ್ತದೆ. ಟೇಪಿನ ಒಂದು ತುದಿ ಅದರ ನಡುಮಧ್ಯಕ್ಕೆ. ಇನ್ನೊಂದು ತುದಿಯನ್ನು ನಡುಬೆರಳು, ಉಂಗುರಬೆರಳುಗಳ ನಡುವಿನ ಬುಡಕ್ಕೆ ತನ್ನಿ. ಬೆರಳ ತುದಿಗಲ್ಲ, ಬುಡಕ್ಕೆ. ಇಲ್ಲೇ ಎಲ್ಲರೂ ತಪ್ಪುವುದು. ಮೊಣಕೈ ಮಡಚಿದ್ದರೂ ಅಳತೆ ಕಡಿಮೆ ಬರುತ್ತದೆ. ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳಿ.

ಹೆಂಗಸರಿಗೆ ಆ ಸೆಂ.ಮೀ.ಯನ್ನು 1.35ರಿಂದ ಗುಣಿಸಿ 60.1 ಕೂಡಿಸಬೇಕು. ಗಂಡಸರಿಗೆ 1.40ರಿಂದ ಗುಣಿಸಿ 57.8 ಕೂಡಿಸಬೇಕು. ಬಂದದ್ದು ಹರೆಯದಲ್ಲಿ ಇದ್ದಿರಬಹುದಾದ ಎತ್ತರ. ಅವ್ವನ ಅಳತೆ 67 ಬಂತು ಅಂದುಕೊಳ್ಳಿ. 67ಕ್ಕೆ 1.35 ಗುಣಿಸಿದರೆ 90.5, ಅದಕ್ಕೆ 60.1 ಸೇರಿದರೆ 150.6. ಕಾಗದದ 151ಕ್ಕೆ ಹತ್ತಿರ ಬಂದರೆ ಎರಡೂ ಒಂದಕ್ಕೊಂದು ಸಾಕ್ಷಿ ಆಯಿತು. ಈ ಸೂತ್ರ ಯುರೋಪಿನವರನ್ನು ಅಳೆದು ಮಾಡಿದ್ದು ಅನ್ನುವುದು ನೆನಪಿರಲಿ. ಕೈಗೂ ಮೈಗೂ ಇರುವ ಅನುಪಾತ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಮೂರು ನಾಲ್ಕು ಸೆಂ.ಮೀ. ಅತ್ತಿತ್ತ ಆಗಬಹುದು. ಅಷ್ಟು ತಪ್ಪಿದರೂ ಒಂಬತ್ತು ಸೆಂ.ಮೀ. ತಪ್ಪಿಗಿಂತ ವಾಸಿ.

ಹೆಗಲು ಹಿಡಿದುಕೊಂಡು ಕೈ ಎತ್ತಲಾಗದವರಿಗೆ, ಹಾಸಿಗೆ ಹಿಡಿದವರಿಗೆ ಹಿಮ್ಮಡಿಯಿಂದ ಮೊಣಕಾಲ ಮೇಲ್ಭಾಗದವರೆಗೆ ಅಳೆಯುವ ಇನ್ನೊಂದು ವಿಧಾನ ಇದೆ. ಅದಕ್ಕೆ ಜಾರುವ ಪಟ್ಟಿಯ ಸಾಧನ ಬೇಕು. ಅದರ ಚಾಲ್ತಿಯಲ್ಲಿರುವ ಸೂತ್ರ ವಯಸ್ಸಿಗೆ ತಕ್ಕಷ್ಟು ಎತ್ತರವನ್ನು ಕಳೆದೇ ಹೇಳುತ್ತದೆ. ಹರೆಯದ ಎತ್ತರ ಕೊಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಕೈಯ ಅಳತೆಯೇ ಸಾಕು.

ಈಗ ಹೊಟ್ಟೆಯ ಮಾತು. "ಹೊಟ್ಟೆ ಬಂದಿದೆ" ಅಂದರಲ್ಲ, ಅದೂ ಬೆನ್ನಿನದೇ ಕೆಲಸ ಇರಬಹುದು. ಎದೆಗೂಡು ಕೆಳಗಿಳಿದು ಸೊಂಟದ ಮೂಳೆಗೆ ಹತ್ತಿರ ಬಂದರೆ ಒಳಗಿರುವ ಕರುಳು, ಜಠರಕ್ಕೆ ಜಾಗ ಎಲ್ಲಿದೆ? ಅವು ಮುಂದಕ್ಕೆ ತಳ್ಳಿಕೊಂಡು ಬರುತ್ತವೆ. ತೋಳು, ಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಗುಡಾಣದ ಹಾಗೆ ಕಾಣುತ್ತದೆ. ಒಂದು ಸುಲಭ ಪರೀಕ್ಷೆ ಮಾಡಿ. ಅವ್ವ ನಿಂತಿರುವಾಗ ಅವರ ಹಿಂದೆ ನಿಂತು, ಪಕ್ಕೆಲುಬಿನ ಕೆಳಗಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ನಿಮ್ಮ ಬೆರಳು ಇಟ್ಟು ನೋಡಿ. ಎರಡು ಬೆರಳಿನಷ್ಟೂ ಜಾಗ ಇಲ್ಲದಿದ್ದರೆ ಮಣಿ ಕುಸಿದಿರುವ ಸಂಶಯ ಗಟ್ಟಿಯಾಗುತ್ತದೆ. ಬೆನ್ನು ಬಾಗಿದ ಮೇಲೆ ಬಹಳ ಸಲ ಅವರು "ಎರಡು ತುತ್ತಿಗೇ ಹೊಟ್ಟೆ ತುಂಬಿತು" ಅನ್ನುವುದೂ ಇದೇ ಒತ್ತಡದಿಂದ. ಸೊಂಟದ ಸುತ್ತಳತೆಯನ್ನು ಎತ್ತರದಿಂದ ಭಾಗಿಸುವ ಲೆಕ್ಕವನ್ನು ಈಗ ಬಹಳ ಕಡೆ ಬಿಎಂಐಗೆ ಬದಲಿ ಅಂತ ಹೇಳುತ್ತಾರೆ. ಬಾಗಿದ ಬೆನ್ನಿನವರಲ್ಲಿ ಅದನ್ನು ನಾನು ಬಳಸುವುದಿಲ್ಲ. ಅಲ್ಲಿ ಸೊಂಟವೂ ಸುಳ್ಳು ಹೇಳುತ್ತದೆ, ಎತ್ತರವೂ ಸುಳ್ಳು ಹೇಳುತ್ತದೆ.

ಹಾಗಾದರೆ ಏನನ್ನು ನಂಬಬೇಕು? ಎತ್ತರವೇ ಬೇಡದ ಎರಡು ಅಳತೆಗಳಿವೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ನಾನು ಮೊದಲು ನೋಡುವುದು ಅವನ್ನೇ.

ಮೊದಲನೆಯದು ಅವರ ತೂಕವನ್ನು ಅವರದೇ ಹಳೆ ತೂಕದ ಪಕ್ಕ ಇಡುವುದು. ಬೇಕು ಅಂತ ಇಳಿಸದೆ ಆರು ತಿಂಗಳಲ್ಲಿ ನೂರಕ್ಕೆ ಐದು ಪಾಲು ತೂಕ ಹೋದರೆ ಕಾರಣ ಹುಡುಕಲೇಬೇಕು. ನಿಮ್ಮ ಅವ್ವನಿಗೆ ಅದು ಎರಡೂಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, ಅಂದರೆ 44 ಮುಕ್ಕಾಲಿಗಿಂತ ಕೆಳಗೆ ಬರುವುದು. ಆದರೆ ಆ ಗೆರೆ ಮುಂದಿನದು. ಆರು ವರ್ಷದಲ್ಲಿ ಏಳು ಕೆ.ಜಿ. ಈಗಾಗಲೇ ಹೋಗಿದೆ. ಅದು ನಿಧಾನವಾಗಿ ಹೋಯಿತೋ, ಹೋದ ವರ್ಷವೇ ಧಡಕ್ಕನೆ ಹೋಯಿತೋ ಕಾಗದ ಹೇಳುವುದಿಲ್ಲ. ಬಳೆ ಯಾವಾಗಿನಿಂದ ಸರಿಯಲು ಶುರುವಾಯಿತು, ರವಿಕೆಗೆ ಹೊಲಿಗೆ ಹಾಕಿ ಬಿಗಿ ಮಾಡಿಸಿದ್ದು ಯಾವಾಗ ಅಂತ ಅತ್ತಿಗೆಯನ್ನು ಕೇಳಿ. ಮನೆಯ ಹೆಣ್ಣುಮಕ್ಕಳಿಗೆ ಇದು ನೆನಪಿರುತ್ತದೆ. ಹಲ್ಲು ಹೋಗಿ ರೊಟ್ಟಿ ಅಗಿಯಲು ಆಗುತ್ತಿಲ್ಲವೋ, ಬೇಸರದಿಂದ ಊಟ ಬಿಟ್ಟಿದ್ದಾರೋ, ಥೈರಾಯ್ಡ್, ಕ್ಷಯ ಅಥವಾ ಬೇರೇನಾದರೂ ಇದೆಯೋ, ಇದನ್ನು ವೈದ್ಯರು ಒಂದೊಂದಾಗಿ ನೋಡಬೇಕು.

ಮನೆಯಲ್ಲಿ ತೂಕ ನೋಡುವಾಗ ಯಂತ್ರವನ್ನು ಜಮಖಾನೆ ಮೇಲೆ ಇಡಬೇಡಿ, ಸಮನಾದ ಫರ್ಸಿಯ ಮೇಲೆ ಇಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು. ಪ್ರತಿ ತಿಂಗಳು ಅದೇ ಯಂತ್ರ, ಅಂಥದ್ದೇ ಬಟ್ಟೆ. ಒಂದು ತಿಂಗಳು ತೆಳು ಸೀರೆ, ಇನ್ನೊಂದು ತಿಂಗಳು ಇಳಕಲ್ ಸೀರೆ ಉಟ್ಟರೆ ಅಲ್ಲೇ ಅರ್ಧ ಕೆ.ಜಿ. ವ್ಯತ್ಯಾಸ ಬರಬಹುದು.

ಎರಡನೆಯದು ಮೀನಖಂಡದ ಸುತ್ತಳತೆ. ತೂಕದಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಅಂತ ಸರಿಯಾದ ಎತ್ತರ ಹಾಕಿದ ಬಿಎಂಐ ಕೂಡ ಹೇಳಲಾರದು. ವಯಸ್ಸಾದವರು ಎದ್ದು ಓಡಾಡುವುದು ಸ್ನಾಯುವಿನ ಬಲದಿಂದ. ಮೀನಖಂಡದಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಮೊಣಕಾಲು ಕಾಟಕೋನದಲ್ಲಿ ಮಡಚಿರಲಿ. ಸೀರೆ ಮೇಲೆತ್ತಿ ಬರಿಗಾಲಿಗೆ ಟೇಪು ಸುತ್ತಿ. ಮೇಲೆ ಕೆಳಗೆ ಸರಿಸುತ್ತಾ ಎಲ್ಲಿ ಅತಿ ದಪ್ಪ ಬರುತ್ತದೋ ಅದನ್ನು ಬರೆದುಕೊಳ್ಳಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿರಬಾರದು. ಎಂಎನ್‌ಎ ಪಟ್ಟಿಯಲ್ಲಿ ಬಿಎಂಐ ಹಾಕಲು ಆಗದವರಿಗೆ ಇದನ್ನೇ ಬಳಸುತ್ತಾರೆ. 31 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸೊನ್ನೆ ಅಂಕ. ಸ್ನಾಯು ಸವೆತವನ್ನು ಹುಡುಕಲು ಏಷ್ಯಾದ ತಜ್ಞರು 2019ರಲ್ಲಿ ಇನ್ನೂ ಸ್ವಲ್ಪ ಮೇಲೆ ಗೆರೆ ಹಾಕಿದರು: ಹೆಂಗಸರಿಗೆ 33, ಗಂಡಸರಿಗೆ 34ಕ್ಕಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಮಾಡಬೇಕು.

ಇದೂ ಮೋಸ ಮಾಡುವ ಒಂದು ಸಂದರ್ಭ ಇದೆ. ಕಾಲಿಗೆ ಬಾವು ಬಂದಿದ್ದರೆ ನೀರನ್ನೇ ಸ್ನಾಯು ಅಂತ ಅಳೆದುಬಿಡುತ್ತೀರಿ. ಕೆಲವು ಬಿಪಿ ಗುಳಿಗೆಗಳಿಂದಲೂ ಕಾಲು ಬಾಯುತ್ತದೆ, ಅದಕ್ಕೇ ನಿಮ್ಮ ಅವ್ವನಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ. ಮೊಣಕಾಲ ಕೆಳಗಿನ ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬಿಟ್ಟಾಗ ಗುಳಿ ಉಳಿದರೆ ಆ ಅಳತೆಯನ್ನು ಬಿಟ್ಟುಬಿಡಿ. ಆಗ ಕುರ್ಚಿ ಪರೀಕ್ಷೆ ಮಾಡಬಹುದು. ಗೋಡೆಗೆ ಒರಗಿಸಿದ ಕುರ್ಚಿ, ಪಕ್ಕದಲ್ಲಿ ಒಬ್ಬರು. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ, ಅಥವಾ ಕೈ ಊರದೆ ಏಳಲು ಆಗದಿದ್ದರೆ, ಕಾಲಿನ ಬಲ ಕುಂದಿದೆ ಅಂತ ಅರ್ಥ. ಬೆನ್ನು ನೋವಿದ್ದರೆ ಮಾತ್ರ ಇದನ್ನು ಮಾಡಿಸಬೇಡಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ನನಗೊಂದು ಕಾರಣ ಇದೆ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿದ ಹೊಸದರಲ್ಲಿ ನವಲಗುಂದ ಕಡೆಯಿಂದ 81 ವರ್ಷದ ಒಬ್ಬ ಅಜ್ಜ ಬಂದಿದ್ದರು. ತೂಕ 53, ಎತ್ತರ 157. ಬಿಎಂಐ 21.5. "ನಾರ್ಮಲ್" ಅಂತ ಬರೆದೆ. ಜೊತೆಗಿದ್ದ ಅಜ್ಜಿ, "ಇವರ ದೋತರ ಮೊದಲಿಗಿಂತ ಎರಡು ನಿರಿಗಿ ಜಾಸ್ತಿ ಬರಾಕತ್ತೈತ್ರಿ" ಅಂದರು. ನಾನು ಕೇಳಿಸಿಕೊಂಡೆ, ಬರೆದುಕೊಳ್ಳಲಿಲ್ಲ. ನಾಲ್ಕು ತಿಂಗಳಿಗೆ ಅಜ್ಜ ಹಿತ್ತಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಬಂದರು. ಆಗ ಮಗ ಫೌಜಿನ ಹಳೆ ಪುಸ್ತಕ ತಂದಿದ್ದ. ಅದರಲ್ಲಿ ಎತ್ತರ 166. ಅದನ್ನು ಹಾಕಿ ಲೆಕ್ಕ ಮಾಡಿದರೆ ಬಿಎಂಐ 19.2. ಮೀನಖಂಡ ನನ್ನ ಎರಡು ಕೈಯ ಬೆರಳುಗಳ ನಡುವೆ ಸಡಿಲವಾಗಿ ಕೂತಿತು. ಅಜ್ಜಿ ಹೇಳಿದ ಎರಡು ನಿರಿಗೆ ನನ್ನ ಯಂತ್ರಕ್ಕಿಂತ ಸರಿಯಾಗಿತ್ತು. ಅಂದಿನಿಂದ ಹಿರಿಯರ ಕೇಸ್ ಪೇಪರಿನಲ್ಲಿ ಎರಡು ಎತ್ತರ ಬರೆಯುತ್ತೇನೆ: ಈಗಿನದು, ಹರೆಯದ್ದು.

ಈಗಿನದನ್ನು ಬರೆಯುವುದು ಬಿಡಬಾರದು. ಅದಕ್ಕೆ ಬೇರೆ ಬೆಲೆ ಇದೆ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಬೆನ್ನಿನ ಮಣಿ ಮುರಿದಿದೆಯೇ ಅಂತ ನೋಡಬೇಕು. ವೈದ್ಯರೇ ಅಳೆಯುತ್ತಾ ಬಂದ ಎತ್ತರದಲ್ಲಿ 2 ಸೆಂ.ಮೀ. ಇಳಿದರೂ ನೋಡಬೇಕು. ನಿಮ್ಮ ಅವ್ವನದು ಒಂಬತ್ತು. ಜೊತೆಗೆ ಕೊಡ ಎತ್ತುವಾಗ ಬೆನ್ನು ಹಿಡಿದು ಹದಿನೈದು ದಿನ ಮಲಗಿದ್ದರು ಅಂತ ಬರೆದಿದ್ದೀರಿ. ನನ್ನ ಅನುಮಾನ ಅವತ್ತಿನ ಮೇಲೇ ಇದೆ. ಮಣಿ ಕುಸಿದದ್ದು ಮೂರು ಜನರಲ್ಲಿ ಒಬ್ಬರಿಗೆ ಮಾತ್ರ ಆ ಹೊತ್ತಿಗೆ ಪತ್ತೆಯಾಗುತ್ತದೆ. ಉಳಿದವರು "ಉಳುಕಿತು", "ವಯಸ್ಸಾಯಿತು" ಅಂದುಕೊಂಡು ಎಣ್ಣೆ ತಿಕ್ಕಿಕೊಳ್ಳುತ್ತಾರೆ.

ಶಿಬಿರದ ಎತ್ತರವನ್ನು ಮೊದಲು ಇನ್ನೊಮ್ಮೆ ಸರಿಯಾಗಿ ಅಳೆಸಿ. ಚಪ್ಪಲಿ ಇರಬಾರದು, ತುರುಬು ಬಿಚ್ಚಿರಬೇಕು, ಹಿಮ್ಮಡಿ ಗೋಡೆಗೆ ತಾಗಿರಬೇಕು, ದೃಷ್ಟಿ ನೇರ ಮುಂದಕ್ಕಿರಬೇಕು. ಬೆಳಿಗ್ಗೆಗೂ ಸಂಜೆಗೂ ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬರಬಹುದು, ದಿನವಿಡೀ ನಿಂತು ಕೂತು ಗಾದಿಗಳು ಒತ್ತಿಕೊಳ್ಳುತ್ತವೆ. ಆದ್ದರಿಂದ ಯಾವಾಗ ಅಳೆದರೂ ಒಂದೇ ಹೊತ್ತಿಗೆ ಅಳೆಯಿರಿ. ಎಲ್ಲ ಸರಿ ಮಾಡಿ 144 ಬಂದರೂ ಏಳು ಸೆಂ.ಮೀ. ಹೋದ ಹಾಗೇ ಆಯಿತು. ಎಕ್ಸ್-ರೇ ಬೇಕೇ ಬೇಕು.

ಎಕ್ಸ್-ರೇಯನ್ನು ಪಕ್ಕದಿಂದ ತೆಗೆಸಬೇಕು, ಎದೆಯ ಹಿಂದಿನ ಬೆನ್ನು ಮತ್ತು ಸೊಂಟ ಎರಡೂ ಬರಬೇಕು. ಬರೀ ಸೊಂಟದ್ದು ತೆಗೆದರೆ ಗೂನಿನ ಜಾಗದ ಮಣಿಗಳು ತಪ್ಪಿಹೋಗುತ್ತವೆ. ಆಮೇಲೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಡಬಹುದು. ಅಲ್ಲೂ ಒಂದು ಎಚ್ಚರಿಕೆ. ಕುಸಿದ ಮಣಿ ಒತ್ತಿಕೊಂಡು ಗಟ್ಟಿಯಾಗಿ ಕಾಣುತ್ತದೆ, ಸೊಂಟದ ಅಂಕ ಒಳ್ಳೆಯದು ಬಂದಂತೆ ತೋರುತ್ತದೆ. ಅಂಥವರಲ್ಲಿ ತೊಡೆಸಂದಿಯ ಅಂಕವನ್ನು ನೋಡಬೇಕು. ಮಣಿ ಮುರಿದಿರುವುದು ಖಚಿತವಾದರೆ ಮುಂದೆ ಇನ್ನೊಂದು ಮುರಿಯದ ಹಾಗೆ ತಡೆಯುವ ಔಷಧಿಗಳಿವೆ, ವಾರಕ್ಕೊಂದು ಗುಳಿಗೆ, ವರ್ಷಕ್ಕೊಂದು ಡ್ರಿಪ್ ಹೀಗೆ. ಅದಕ್ಕೂ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡುತ್ತಾರೆ. ತೂಕವೂ ಇಳಿದು ಮಣಿಯೂ ಕುಸಿದಿದ್ದರೆ ಮಜ್ಜೆಯ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಂದೆರಡು ರಕ್ತಪರೀಕ್ಷೆ ಜಾಸ್ತಿ ಬರೆಯಬಹುದು, ಗಾಬರಿ ಆಗಬೇಡಿ. ಎಕ್ಸ್-ರೇ ಆಗುವವರೆಗೆ ಅವ್ವ ಕೊಡ ಎತ್ತುವುದು, ಬಗ್ಗಿ ಕಸ ಹೊಡೆಯುವುದು ಬೇಡ. ಬೆನ್ನು ನೋವು ಅಂತ ಮೊಮ್ಮಕ್ಕಳಿಂದ ತುಳಿಸಿಕೊಳ್ಳುವುದಂತೂ ಬೇಡವೇ ಬೇಡ.

ಇದನ್ನು ಓದಿ ನಿಜವಾಗಿ ಬೊಜ್ಜಿರುವ ಹಿರಿಯರು "ನಮ್ಮದೂ ಎತ್ತರದ ತಪ್ಪು" ಅಂದುಕೊಳ್ಳಬಾರದು. 84 ಕೆ.ಜಿ. ತೂಗುವ, 166ರಿಂದ 162ಕ್ಕೆ ಇಳಿದ ಒಬ್ಬರನ್ನು ತೆಗೆದುಕೊಳ್ಳಿ. ಈಗಿನ ಎತ್ತರಕ್ಕೆ ಬಿಎಂಐ 32, ಹರೆಯದ ಎತ್ತರಕ್ಕೆ 30.5. ಎರಡೂ ಬೊಜ್ಜೇ. ಎತ್ತರದ ತಿದ್ದುಪಡಿ ನಿರ್ಧಾರವನ್ನೇ ಬದಲಿಸುವುದು 19ರಿಂದ 26ರವರೆಗಿನ ನಡುವಿನವರಲ್ಲಿ, ಅದರಲ್ಲೂ ಬೆನ್ನು ಬಾಗಿದ ಹೆಂಗಸರಲ್ಲಿ.

ಊಟದ ಬಗ್ಗೆ ಒಂದೇ ಮಾತು. ಈ ವಯಸ್ಸಿನಲ್ಲಿ ದಿನಕ್ಕೆ ತೂಕದ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅವ್ವನಿಗೆ 47ರಿಂದ 56 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಅದಕ್ಕೇ ರಕ್ತಪರೀಕ್ಷೆ ಮೊದಲು. ಅಲ್ಲಿಯವರೆಗೆ ಮನೆಯ ಮಾಮೂಲಿ ಊಟವೇ ಸಾಕು. ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆ ಸಾರಿನಲ್ಲೋ ಮುರಿದು ನೆನೆಸಿ ಕೊಡಿ, ಹೆಸರುಕಾಳಿನ ಪಲ್ಯ ಮೆತ್ತಗೆ ಬೇಯಿಸಿ, ಮಜ್ಜಿಗೆಯ ಬದಲು ಗಟ್ಟಿ ಮೊಸರು ಹಾಕಿ, ಶೇಂಗಾ ಚಟ್ನಿ ಮೇಲೆ ಇರಲಿ. ಹೊಟ್ಟೆಗೆ ಜಾಗ ಕಡಿಮೆ ಇರುವುದರಿಂದ ಎರಡು ಊಟದ ಬದಲು ಸ್ವಲ್ಪ ಸ್ವಲ್ಪ ಐದು ಸಲ ಕೊಡಿ.

ವೈದ್ಯರ ಹತ್ತಿರ ಹೋಗುವಾಗ ಒಂದೇ ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಹರೆಯದ ಎತ್ತರ 151, ಈಗಿನದು, ಆರು ವರ್ಷದ ಹಿಂದಿನ ತೂಕ 54, ಈಗಿನದು 47, ಮೀನಖಂಡದ ಅಳತೆ, ಕಾಲಿಗೆ ಬಾವು ಇದೆಯೋ ಇಲ್ಲವೋ, ಬೆನ್ನು ಹಿಡಿದ ತಿಂಗಳು. ಶಿಬಿರದ ಚೀಟಿ ಮತ್ತು ನೌಕರಿಯ ಆ ಹಳೆ ಕಾಗದ ಎರಡನ್ನೂ ಹಾಳೆಗೆ ಪಿನ್ ಮಾಡಿ ಒಯ್ಯಿರಿ.